ಕುರಿ ಈದ ಮೊದಲ ಆರು ತಾಸು: ಮರಿಯನ್ನು ಉಳಿಸಿಕೊಳ್ಳುವ ಕ್ರಮ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಹಾಗೂ ಚಿಂಚೋಳಿ ಭಾಗದ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ

ಮುಂಗಾರು ಹಿಡಿದು ಹಸಿರು ಕಾಣಿಸಿಕೊಂಡ ಕೂಡಲೇ ನಮ್ಮ ಭಾಗದ ಕುರಿಗಳು ಬೆದೆಗೆ ಬರುತ್ತವೆ. ಕುರಿಯ ಗರ್ಭಾವಧಿ ಸುಮಾರು 150 ದಿನ, ಅಂದರೆ ಐದು ತಿಂಗಳು. ಆದ್ದರಿಂದ ಜೂನ್, ಜುಲೈ ತಿಂಗಳಲ್ಲಿ ಕಟ್ಟಿದ ಕುರಿ ನವೆಂಬರ್, ಡಿಸೆಂಬರ್ ವೇಳೆಗೆ ಈಯುತ್ತದೆ. ತಡವಾಗಿ ಕಟ್ಟಿದ್ದು ಜನವರಿಯಲ್ಲಿ ಈಯುತ್ತದೆ. ತೊಗರಿಯ ಕೊಯ್ಲು, ಹೊಲದಲ್ಲಿ ಕುರಿ ತರುಬುವ ಕಾಲ ಮತ್ತು ವರ್ಷದ ಅತ್ಯಂತ ತಂಪಾದ ರಾತ್ರಿಗಳು ಇವೆಲ್ಲ ಈ ಅವಧಿಯಲ್ಲೇ ಬರುತ್ತವೆ. ಹೀಗಾಗಿ ಮರಿಗಳ ಸಾವಿನ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಚಳಿ ಮತ್ತು ಹಸಿವಿನ ಪ್ರಶ್ನೆಯಾಗಿದೆ. ಮರಿ ಸತ್ತಾಗ ಕುರಿಗಾರರು ಅದಕ್ಕೆ ಯಾವುದೋ ರೋಗದ ಹೆಸರು ಹೇಳುವುದುಂಟು. ಹುಟ್ಟಿದ ಮೊದಲ ಎರಡು ಮೂರು ದಿನಗಳಲ್ಲಿ ಸಾಯುವ ಮರಿಗಳ ಹೊಟ್ಟೆಯನ್ನು ಪಶುವೈದ್ಯರು ತೆರೆದು ನೋಡಿದಾಗ ಮಾತ್ರ ಅನೇಕ ವೇಳೆ ಅಲ್ಲಿ ಹಾಲಿನ ಕುರುಹೇ ಇರುವುದಿಲ್ಲ.

ಈ ನಷ್ಟ ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ ಎಂಬುದನ್ನು ಸದಸ್ಯರು ಗಮನಿಸಬೇಕು. ಆಕಸ್ಮಿಕವಾಗಿ ಸತ್ತ ಕುರಿಗಳಿಗೆ ರಾಜ್ಯ ಸರ್ಕಾರದ ಅನುಗ್ರಹ ಯೋಜನೆಯಲ್ಲಿ ಪರಿಹಾರವಿದೆಯಾದರೂ ಅದು ಮೂರು ತಿಂಗಳು ತುಂಬಿದ ಮರಿಗಳಿಂದ ಆರಂಭವಾಗುತ್ತದೆ. ಹುಟ್ಟಿದ ರಾತ್ರಿಯೇ ಸತ್ತ ಮರಿಯ ನಷ್ಟವನ್ನು ಕುರಿಗಾರನೊಬ್ಬನೇ ಹೊರಬೇಕು. ದಖನಿ ಕುರಿ ಸಾಮಾನ್ಯವಾಗಿ ಒಂದು ಸೂಲಿಗೆ ಒಂದೇ ಮರಿ ಹಾಕುವುದರಿಂದ ಆ ಮರಿ ಹೋದರೆ ಕುರಿಯ ಒಂದು ಸೂಲೇ ವ್ಯರ್ಥವಾದಂತೆ.

ಈಯುವಾಗ ಕೈ ಹಾಕಬೇಕಾದ ಸಂದರ್ಭ

ಈಯುವ ಕುರಿ ಹಿಂಡಿನಿಂದ ಬೇರೆಯಾಗಿ ನಿಲ್ಲುತ್ತದೆ, ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ. ಕೆಚ್ಚಲು ಬಿಗಿದಿರುತ್ತದೆ. ಬಳಿಕ ನೀರಿನ ಚೀಲ ಕಾಣಿಸಿಕೊಂಡು ಒಡೆಯುತ್ತದೆ. ಅಲ್ಲಿಂದ ಅರ್ಧ ತಾಸಿನಿಂದ ಒಂದು ತಾಸಿನೊಳಗೆ ಮರಿ ಹೊರಬರುವುದು ಸಹಜ. ಚೊಚ್ಚಲ ಕುರಿಗೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಬಹುಪಾಲು ಕುರಿಗಳಿಗೆ ಯಾರ ಸಹಾಯವೂ ಬೇಕಿಲ್ಲ. ಆತುರದಿಂದ ಎಳೆಯುವವರು ನೋಡುತ್ತಾ ಕೂರುವವರಿಗಿಂತ ಹೆಚ್ಚು ಹಾನಿ ಮಾಡುತ್ತಾರೆ.

ಸಹಜವಾಗಿ ಬರುವ ಮರಿಯ ಎರಡು ಮುಂಗಾಲುಗಳು ಮೊದಲು ಕಾಣುತ್ತವೆ. ಅವುಗಳ ಮೇಲೆ ತಲೆಯಿಟ್ಟಂತೆ ಮೂತಿ ಇರುತ್ತದೆ. ಕುರಿಯು ಅರ್ಧ ತಾಸು ಬಲವಾಗಿ ಮುಕ್ಕಿದರೂ ಏನೂ ಮುಂದುವರಿಯದಿದ್ದರೆ, ಇಲ್ಲವೇ ಒಂದೇ ಕಾಲು, ತಲೆಯೊಂದೇ ಅಥವಾ ಬಾಲ ಮಾತ್ರ ಕಂಡರೆ ಪರೀಕ್ಷಿಸಬೇಕು. ಉಗುರು ಕತ್ತರಿಸಿ, ಮೊಣಕೈವರೆಗೆ ಸಾಬೂನಿನಿಂದ ತೊಳೆದು, ಕೈಗವಸು ಧರಿಸಿ, ಧಾರಾಳವಾಗಿ ಸಾಬೂನಿನ ನೊರೆ ಹಚ್ಚಿಕೊಂಡು, ಬೆರಳುಗಳನ್ನು ಕೂಡಿಸಿ ಮೆಲ್ಲನೆ ಒಳಗೆ ಹಾಕಬೇಕು. ಕೈಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ ಎಂದು ತಿಳಿಯಲು ಕೀಲುಗಳನ್ನು ಮುಟ್ಟಿ ನೋಡಬೇಕು. ಗೊರಸಿನಿಂದ ಮೇಲಕ್ಕೆ ಹೋದಾಗ ಸಿಗುವ ಮೊದಲ ಎರಡು ಕೀಲುಗಳು ಒಂದೇ ದಿಕ್ಕಿಗೆ ಬಾಗಿದರೆ ಅದು ಮುಂಗಾಲು. ವಿರುದ್ಧ ದಿಕ್ಕಿಗೆ ಬಾಗಿದರೆ ಹಿಂಗಾಲು.

ಒಂದು ಮುಂಗಾಲು ಹಿಂದಕ್ಕೆ ಮಡಿಚಿಕೊಂಡಿದ್ದರೆ ಕುರಿ ಮುಕ್ಕುವುದನ್ನು ನಿಲ್ಲಿಸಿದ ಕ್ಷಣದಲ್ಲಿ ಮರಿಯನ್ನು ತುಸು ಹಿಂದಕ್ಕೆ ಸರಿಸಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕಾಲನ್ನು ಮುಂದಕ್ಕೆ ತರಬೇಕು. ಗೊರಸನ್ನು ಮುಚ್ಚಿಕೊಳ್ಳದಿದ್ದರೆ ಗರ್ಭಕೋಶ ಹರಿಯುವ ಅಪಾಯವಿದೆ. ಬಳಿಕ ಕುರಿ ಮುಕ್ಕಿದಾಗ ಮಾತ್ರ, ಹೊರಕ್ಕೂ ಕೆಳಕ್ಕೂ, ಅಂದರೆ ಕುರಿಯ ಹಿಂಗಾಲಿನ ಮಂಡಿಯ ಕಡೆಗೆ ಎಳೆಯಬೇಕು. ಹಿಂಗಾಲುಗಳು ಎರಡೂ ಮುಂದಾಗಿ ಬಂದಿದ್ದರೆ ತಿರುಗಿಸಲು ಹೋಗದೆ ಹಾಗೆಯೇ ಹೊರತೆಗೆಯಬಹುದು. ಆದರೆ ಸೊಂಟ ಹೊರಬಂದ ಮೇಲೆ ತಡಮಾಡುವಂತಿಲ್ಲ. ಆ ಹೊತ್ತಿಗೆ ಹೊಕ್ಕುಳ ಬಳ್ಳಿ ಒತ್ತಲ್ಪಟ್ಟಿರುತ್ತದೆ, ಮರಿಯ ತಲೆ ಇನ್ನೂ ನೀರಿನೊಳಗೇ ಇರುತ್ತದೆ. ತಲೆ ಹಿಂದಕ್ಕೆ ತಿರುಗಿದ್ದರೆ, ಬಾಲ ಮಾತ್ರ ಕಂಡರೆ, ಅಥವಾ ಹತ್ತು ಹದಿನೈದು ನಿಮಿಷ ಯತ್ನಿಸಿದರೂ ಫಲ ಕಾಣದಿದ್ದರೆ ಪಶುವೈದ್ಯರನ್ನೇ ಕರೆಯಬೇಕು.

ಇಲ್ಲಿ ಜನರ ಆರೋಗ್ಯಕ್ಕೆ ಸಂಬಂಧಿಸಿದ ಎಚ್ಚರಿಕೆಯೊಂದಿದೆ. ಬ್ರುಸೆಲ್ಲಾ ರೋಗಾಣು ಗರ್ಭದ ನೀರು ಮತ್ತು ಮಾಸಿನ ಮೂಲಕ ಮನುಷ್ಯರಿಗೆ ತಗಲುತ್ತದೆ. ಗರ್ಭಿಣಿಯರು ಈಯುವ ಅಥವಾ ಕಂದು ಹಾಕಿದ ಕುರಿಯನ್ನು ಮುಟ್ಟಬಾರದು. ಮಾಸನ್ನು, ಅಂದರೆ ಕಸವನ್ನು, ನಾಯಿಗಳಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು. ಕುರಿಗಳು ಒಂದರ ಹಿಂದೊಂದು ಕಂದು ಹಾಕುತ್ತಿದ್ದರೆ ಆ ಸುದ್ದಿ ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಬೇಕು.

ಮರಿ ನೆಲಕ್ಕೆ ಬಿದ್ದ ಮೇಲೆ

ಮೂಗು, ಬಾಯಿಯ ಲೋಳೆಯನ್ನು ಬೆರಳಿನಿಂದ ತೆಗೆಯಬೇಕು. ಉಸಿರಾಡದಿದ್ದರೆ ಒಣಹುಲ್ಲಿನ ಕಡ್ಡಿಯಿಂದ ಮೂಗಿನ ಹೊಳ್ಳೆಯನ್ನು ಕೆರಳಿಸಿ, ಗೋಣಿಪಟ್ಟೆಯಿಂದ ಎದೆಯನ್ನು ಬಲವಾಗಿ ಉಜ್ಜಬೇಕು. ಮರಿ ಉಸಿರಾಡುತ್ತಿದ್ದರೆ ಅದನ್ನು ತಾಯಿಯ ಮೂಗಿನ ಮುಂದಿಟ್ಟು ಹಿಂದೆ ಸರಿಯುವುದು ಒಳಿತು. ತಾಯಿ ನೆಕ್ಕುವುದರಿಂದ ಮರಿ ಒಣಗುತ್ತದೆ, ರಕ್ತಸಂಚಾರ ಚುರುಕಾಗುತ್ತದೆ, ತಾಯಿಗೆ ಮರಿಯ ವಾಸನೆಯ ಗುರುತು ಹತ್ತುತ್ತದೆ. ಈ ಗುರುತು ಹತ್ತುವ ಮುನ್ನವೇ ಮರಿಯನ್ನು ಎತ್ತಿಕೊಂಡು ಹೋದರೆ ಕೆಲವು ತಾಯಂದಿರು, ವಿಶೇಷವಾಗಿ ಚೊಚ್ಚಲ ಕುರಿಗಳು, ಮರಿಯನ್ನು ಮರಳಿ ಸೇರಿಸಿಕೊಳ್ಳುವುದಿಲ್ಲ.

ಹೊಕ್ಕುಳ ಬಳ್ಳಿಯನ್ನು ಟಿಂಕ್ಚರ್ ಅಯೋಡಿನ್ ತುಂಬಿದ ಚಿಕ್ಕ ಬಟ್ಟಲಿನಲ್ಲಿ ಪೂರ್ತಿ ಅದ್ದಬೇಕು. ಸಗಣಿ, ಬೂದಿ ಹಚ್ಚಬಾರದು. ಹಸಿ ಹೊಕ್ಕುಳಿನಿಂದ ಒಳಹೊಕ್ಕ ಸೋಂಕು ಒಂದೆರಡು ವಾರಗಳ ಬಳಿಕ ಕೀಲುಗಳ ಬಾವಾಗಿ ಕಾಣಿಸಿಕೊಳ್ಳುತ್ತದೆ; ಆಗ ಮರಿ ಕುಂಟುವುದನ್ನು ನೋಡಿದವರಿಗೆ ಹೊಕ್ಕುಳಿನ ನೆನಪು ಬರುವುದಿಲ್ಲ.

ನಮ್ಮ ಭಾಗದ ನೆಲದ ಬಗ್ಗೆಯೂ ಒಂದು ಮಾತು ಹೇಳಬೇಕು. ಶಹಾಬಾದ ಕಲ್ಲು ಇಲ್ಲಿ ಸುಲಭವಾಗಿ ಸಿಗುವುದರಿಂದ ಕುರಿ ದೊಡ್ಡಿಗಳಿಗೂ ಅದನ್ನೇ ಹಾಸುವುದುಂಟು. ತೊಳೆಯಲು ಅದು ಬಹಳ ಅನುಕೂಲ. ಆದರೆ ಒದ್ದೆಯಾದ ಮರಿ ರಾತ್ರಿ ಆ ಕಲ್ಲಿನ ಮೇಲೆ ಮಲಗಿದರೆ ಮೈಯ ಶಾಖವನ್ನು ಕಲ್ಲು ಹೀರಿಕೊಳ್ಳುತ್ತದೆ. ಈಯುವ ಮೂಲೆಯಲ್ಲಿ ಗೋಣಿಚೀಲದ ಮೇಲೆ ನಾಲ್ಕು ಬೆರಳು ದಪ್ಪ ಒಣ ಹುಲ್ಲು ಅಥವಾ ಜೋಳದ ರವದಿ ಹಾಸಿದರೆ ಈ ತೊಂದರೆ ತಪ್ಪುತ್ತದೆ. ಅದೇ ಹಾಸುಗಲ್ಲನ್ನು ಗಾಳಿ ಬರುವ ಕಡೆಗೆ ಮೊಣಕಾಲೆತ್ತರಕ್ಕೆ ಸಾಲಾಗಿ ನಿಲ್ಲಿಸಿದರೆ ಗಾಳಿ ತಡೆಯುವ ಒಳ್ಳೆಯ ಗೋಡೆಯಾಗುತ್ತದೆ.

ಗಿಣ್ಣದ ಹಾಲು ಮತ್ತು ಗಡಿಯಾರ

ಮನುಷ್ಯರ ಮಗುವಿಗೆ ತಾಯಿಯ ಗರ್ಭದಲ್ಲಿಯೇ ಒಂದಿಷ್ಟು ರೋಗನಿರೋಧಕ ಶಕ್ತಿ ದೊರೆತಿರುತ್ತದೆ. ಕುರಿಯಲ್ಲಿ ಹಾಗಿಲ್ಲ. ತಾಯಿಯ ರಕ್ತದಲ್ಲಿರುವ ಪ್ರತಿಕಾಯಗಳು, ಅಂದರೆ ರೋಗಾಣುಗಳೊಡನೆ ಹೋರಾಡುವ ಕಣಗಳು, ಕುರಿಯ ಮಾಸನ್ನು ದಾಟಿ ಮರಿಗೆ ತಲುಪುವುದಿಲ್ಲ. ಆದ್ದರಿಂದ ಮರಿ ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬೇಕಾದ ಪ್ರತಿಕಾಯಗಳೆಲ್ಲ ಗಿಣ್ಣದ ಹಾಲಿನಲ್ಲಿರುತ್ತವೆ. ಹುಟ್ಟಿದ ಹೊಸತರಲ್ಲಿ ಮರಿಯ ಕರುಳು ಈ ಕಣಗಳನ್ನು ಒಡೆಯದೆ ಇಡಿಯಾಗಿಯೇ ರಕ್ತಕ್ಕೆ ಬಿಟ್ಟುಕೊಡುತ್ತದೆ. ಆ ಬಾಗಿಲು ಬಹಳ ಹೊತ್ತು ತೆರೆದಿರುವುದಿಲ್ಲ. ಮೊದಲ ಆರು ತಾಸುಗಳ ಬಳಿಕ ಬೇಗ ಬೇಗ ಮುಚ್ಚುತ್ತಾ ಹೋಗಿ, ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಮುಚ್ಚಿಬಿಡುತ್ತದೆ. ಮರುದಿನ ಎಷ್ಟೇ ಗಿಣ್ಣದ ಹಾಲು ಕುಡಿಸಿದರೂ ಅದು ಆಹಾರವಾಗುತ್ತದೆಯೇ ಹೊರತು ರಕ್ಷಣೆಯಾಗುವುದು ಅತ್ಯಲ್ಪ.

ಮಾಸು ಬೀಳುವ ತನಕ ಮರಿಗೆ ಹಾಲು ಬಿಡಬಾರದೆಂಬ ನಂಬಿಕೆ ಕೆಲವೆಡೆ ಉಳಿದುಕೊಂಡಿರುವುದರಿಂದ ಇದನ್ನು ಇಷ್ಟು ವಿವರವಾಗಿ ಹೇಳಬೇಕಾಯಿತು. ಮಾಸು ಬೀಳಲು ಆರು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯಬಹುದು. ಅದಕ್ಕಾಗಿ ಕಾದರೆ ಬಾಗಿಲು ತೆರೆದಿದ್ದ ಹೊತ್ತೆಲ್ಲ ಕಳೆದುಹೋಗುತ್ತದೆ. ವಾಸ್ತವದಲ್ಲಿ ಮರಿ ಮೊಲೆ ಚೀಪಿದಾಗ ತಾಯಿಯ ಗರ್ಭಕೋಶ ಕುಗ್ಗಿ ಮಾಸು ಬೇಗ ಜಾರುತ್ತದೆ. ಹನ್ನೆರಡು ತಾಸಾದರೂ ಬೀಳದ ಮಾಸನ್ನು ಎಳೆಯಬಾರದು, ಪಶುವೈದ್ಯರಿಗೆ ತೋರಿಸಬೇಕು.

ಆರೋಗ್ಯವಂತ ಮರಿ ಅರ್ಧ ತಾಸಿನೊಳಗೆ ಎದ್ದು ನಿಲ್ಲುತ್ತದೆ, ಎರಡು ತಾಸಿನೊಳಗೆ ಮೊಲೆ ಹಿಡಿಯುತ್ತದೆ. ಎರಡೂ ತೊಟ್ಟುಗಳ ತುದಿಯಲ್ಲಿ ಮೇಣದಂತಹ ಬಿರಡೆ ಇರುತ್ತದೆ. ಅದನ್ನು ಹಿಂಡಿ ತೆಗೆದು, ಹಾಲಿನ ಧಾರೆ ಬರುವುದನ್ನು ಕಣ್ಣಾರೆ ನೋಡಬೇಕು. ಮರಿ ಕೆಚ್ಚಲ ಬಳಿ ನಿಂತಿದ್ದ ಮಾತ್ರಕ್ಕೆ ಕುಡಿದಿದೆ ಎಂದು ತಿಳಿಯಬಾರದು. ಉಣ್ಣೆಯ ಎಳೆಯನ್ನು ಚೀಪುತ್ತಿರುವ ಮರಿಯೂ ದೂರದಿಂದ ಹಾಲು ಕುಡಿಯುವಂತೆಯೇ ಕಾಣುತ್ತದೆ. ಕೆಚ್ಚಲಿನ ಸುತ್ತಣ ಉಣ್ಣೆಯನ್ನು ಕತ್ತರಿಸುವುದು ಇದಕ್ಕಾಗಿಯೇ. ಕುಡಿದ ಮರಿಯ ಹೊಟ್ಟೆ ಕೈಗೆ ತುಂಬಿದಂತೆ ಸಿಗುತ್ತದೆ, ಬಾಯೊಳಗೆ ಬೆರಳಿಟ್ಟರೆ ಬೆಚ್ಚಗಿರುತ್ತದೆ, ಮಲಗಿದ್ದಲ್ಲಿಂದ ಎಬ್ಬಿಸಿದರೆ ಮೈ ಮುರಿಯುತ್ತದೆ. ಹಸಿದ ಮರಿ ಬೆನ್ನು ಗೂನು ಮಾಡಿ ತಲೆ ತಗ್ಗಿಸಿ ನಿಲ್ಲುತ್ತದೆ. ಹೊಟ್ಟೆ ಬರಿದಾಗಿ ಅಂಟಿಕೊಂಡಿರುತ್ತದೆ. ಮೊದಮೊದಲು ಅರಚುವ ಅದು ಬಳಿಕ ಸುಮ್ಮನಾಗುತ್ತದೆ. ಸುಮ್ಮನಾದ ಮರಿಯೇ ಹೆಚ್ಚು ಅಪಾಯದಲ್ಲಿರುತ್ತದೆ.

ಎಷ್ಟು ಹಾಲು ಬೇಕು ಎಂಬ ಲೆಕ್ಕ ಸರಳವಾಗಿದೆ. ಮೊದಲ ಸಲಕ್ಕೆ ಮರಿಯ ತೂಕದ ಪ್ರತಿ ಕಿಲೋಗೆ 50 ಮಿಲಿಲೀಟರ್, ಮೊದಲ 24 ತಾಸಿನಲ್ಲಿ ಒಟ್ಟು ಪ್ರತಿ ಕಿಲೋಗೆ 200 ಮಿಲಿಲೀಟರ್. ಎರಡೂವರೆ ಕಿಲೋ ತೂಗುವ ಮರಿಗೆ ಇದು ಮೊದಲ ಸಲ 125 ಮಿಲಿಲೀಟರ್, ದಿನಕ್ಕೆ ಅರ್ಧ ಲೀಟರ್ ಆಗುತ್ತದೆ.

ತಾಯಿಯಲ್ಲಿಯೇ ಹಾಲಿಲ್ಲದಿದ್ದರೆ ಆ ದಿನವೇ ಈದ ಬೇರೊಂದು ಕುರಿಯ ಗಿಣ್ಣದ ಹಾಲು ಉತ್ತಮ, ಮೇಕೆಯದು ನಂತರದ್ದು, ಅದೂ ಇಲ್ಲದಿದ್ದರೆ ಆಕಳಿನದು. ಗಿಣ್ಣದ ಹಾಲನ್ನು ಕಾಯಿಸಿದರೆ ಒಡೆದು ಗಟ್ಟಿಯಾಗುತ್ತದೆ, ಪ್ರತಿಕಾಯಗಳೂ ನಾಶವಾಗುತ್ತವೆ. ಬಿಸಿನೀರಿನ ಪಾತ್ರೆಯೊಳಗೆ ಹಾಲಿನ ಬಟ್ಟಲನ್ನಿಟ್ಟು ಮೈಯಷ್ಟು ಬೆಚ್ಚಗೆ ಮಾಡಿದರೆ ಸಾಕು. ಊರಿನಲ್ಲಿ ಮಂಜುಗಟ್ಟಿಸುವ ಫ್ರಿಜ್ ಇರುವ ಮನೆಯಿದ್ದರೆ, ಹೆಚ್ಚು ಹಾಲಿರುವ ಕುರಿಯಿಂದ ಹಿಂಡಿದ ಗಿಣ್ಣದ ಹಾಲನ್ನು 50 ಮಿಲಿಲೀಟರಿನ ಚಿಕ್ಕ ಬಟ್ಟಲುಗಳಲ್ಲಿ ಗಡ್ಡೆಕಟ್ಟಿಸಿ ಇಡಬಹುದು. ಹಾಲಿಗೆ ಮೊಟ್ಟೆ, ಹರಳೆಣ್ಣೆ ಬೆರೆಸಿ ಕೃತಕ ಗಿಣ್ಣು ಮಾಡುವ ಕ್ರಮವೊಂದು ಪ್ರಚಾರದಲ್ಲಿದೆ. ಅದು ಹಸಿವನ್ನು ನೀಗಿಸುತ್ತದೆ, ಆದರೆ ಅದರಲ್ಲಿ ಕುರಿರೋಗಗಳ ಪ್ರತಿಕಾಯಗಳಿರುವುದಿಲ್ಲ.

ತಾಯಿಯ ರಕ್ತದಲ್ಲಿ ಇಲ್ಲದ್ದು ಗಿಣ್ಣಿನಲ್ಲಿಯೂ ಬರುವುದಿಲ್ಲ. ಕರುಳುಬೇನೆಯ ಲಸಿಕೆಯನ್ನು ಈಯುವುದಕ್ಕೆ ನಾಲ್ಕರಿಂದ ಆರು ವಾರ ಮೊದಲು ತಾಯಿಗೆ ಹಾಕಿಸಬೇಕೆನ್ನುವುದು ಇದೇ ಕಾರಣಕ್ಕೆ. ಮರಿಯು ತಾಯಿಯ ಹೊಟ್ಟೆಯಲ್ಲಿ ಹೆಚ್ಚಾಗಿ ಬೆಳೆಯುವುದು ಕೊನೆಯ ಆರು ವಾರಗಳಲ್ಲಿ. ಆಗ ದಿನಕ್ಕೆ 200 ಗ್ರಾಮಿನಷ್ಟು ತೊಗರಿ ಚುನ್ನಿ, ಜೋಳದ ನುಚ್ಚಿನ ಮಿಶ್ರಣ ಕೊಟ್ಟರೆ ಮರಿಯ ತೂಕವೂ ಕೆಚ್ಚಲಿನ ಹಾಲೂ ಹೆಚ್ಚುತ್ತವೆ. ದಾಲ್ ಮಿಲ್ಲುಗಳ ಜಿಲ್ಲೆಯಲ್ಲಿ ಚುನ್ನಿಗೆ ದೂರ ಹೋಗಬೇಕಾಗಿಲ್ಲ.

ತಣ್ಣಗಾದ ಮರಿ: ಒಂದು ಉದಾಹರಣೆ

ಹುಟ್ಟಿದ ಮರಿಯ ಮೈಯಲ್ಲಿ ಶಾಖ ಉತ್ಪಾದಿಸುವ ವಿಶೇಷ ಕೊಬ್ಬು ಸ್ವಲ್ಪ ಮಟ್ಟಿಗೆ ಇರುತ್ತದೆ. ಹಾಲು ಸಿಗದ ಮರಿಗೆ ಅದು ಸುಮಾರು ಐದು ತಾಸಿನಲ್ಲಿ ತೀರಿಹೋಗುತ್ತದೆ. ಬಳಿಕ ರಕ್ತದಲ್ಲಿನ ಸಕ್ಕರೆ ಕುಸಿಯುತ್ತದೆ. ತಣ್ಣಗಾದ ಮರಿ ಸಿಕ್ಕಾಗ ಅದಕ್ಕೆ ಎಷ್ಟು ತಾಸಾಯಿತು ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಸೇಡಂ ತಾಲ್ಲೂಕಿನ ಒಂದು ಊರಿನ ಹೊರಗೆ, ಕೊಯ್ಲಾದ ತೊಗರಿ ಹೊಲದಲ್ಲಿ ಅರವತ್ತು ಕುರಿಗಳ ಹಿಂಡೊಂದನ್ನು ತರುಬಿದ್ದಾರೆ ಎಂದಿಟ್ಟುಕೊಳ್ಳೋಣ. ಜನವರಿ ತಿಂಗಳು. ರಾತ್ರಿ ಎರಡು ಗಂಟೆಗೆ ಒಂದು ಕುರಿ ಅಪರೂಪಕ್ಕೆ ಅವಳಿ ಹಾಕಿದೆ. ದೊಡ್ಡ ಮರಿ ಎದ್ದು ಹಾಲು ಕುಡಿದಿದೆ. ತಾಯಿ ಅದನ್ನೇ ನೆಕ್ಕುತ್ತಾ ನಿಂತಿದ್ದರಿಂದ ಎರಡನೆಯದು ಒದ್ದೆಯಾಗಿಯೇ ಬಿದ್ದುಕೊಂಡಿದೆ. ಬೆಳಗಿನ ಆರು ಗಂಟೆಗೆ ಅದು ಕಣ್ಣಿಗೆ ಬಿದ್ದಾಗ ಬಾಯಿ ತಣ್ಣಗಿದೆ. ತಲೆ ಎತ್ತುತ್ತದೆ, ಆದರೆ ಏಳಲಾರದು. ತಕ್ಕಡಿಯಲ್ಲಿ ತೂಗಿದರೆ 1.9 ಕಿಲೋ. ಔಷಧಿ ಅಂಗಡಿಯಲ್ಲಿ ಸಿಗುವ ಸಾಧಾರಣ ಡಿಜಿಟಲ್ ಥರ್ಮಾಮೀಟರನ್ನು ಗುದದಲ್ಲಿ ಎರಡು ಬೆರಳಗಲದಷ್ಟು ಒಳಗಿಟ್ಟು ನೋಡಿದರೆ 97.5 ಡಿಗ್ರಿ ಫ್ಯಾರನ್‌ಹೀಟ್. ಮರಿಯ ಸಹಜ ಶಾಖ 102ರಿಂದ 104. 99ರಿಂದ 102ರ ನಡುವೆ ಇದ್ದರೆ ಒಣಗಿಸಿ, ಹಾಲು ಕುಡಿಸಿ, ಗಾಳಿಯಿಲ್ಲದೆಡೆ ತಾಯಿಯ ಜೊತೆ ಬಿಟ್ಟರೆ ಸಾಕು. 99ಕ್ಕಿಂತ ಕೆಳಗೆ ಇಳಿದಿದ್ದರೆ ಅದು ತೀವ್ರ ಸ್ಥಿತಿ. ಪರದೆಯ ಮೇಲೆ ಅಂಕಿಯ ಬದಲು Lo ಎಂದು ತೋರಿಸಿದರೆ ಯಂತ್ರ ಕೆಟ್ಟಿಲ್ಲ. ಮರಿಯ ಶಾಖ ಯಂತ್ರ ಅಳೆಯಬಲ್ಲ ಮಿತಿಗಿಂತಲೂ ಕೆಳಗಿದೆ ಎಂದರ್ಥ.

ಈ ಮರಿಗೆ ನಾಲ್ಕು ತಾಸಾಗಿದೆ, ಮೈಯಲ್ಲಿನ ಕೊಬ್ಬು ಪೂರ್ತಿ ತೀರಿಲ್ಲ. ಆದ್ದರಿಂದ ಮೊದಲು ಬೆಚ್ಚಗೆ ಮಾಡಬೇಕು. ಗೋಣಿಪಟ್ಟೆಯಿಂದ ಉಜ್ಜಿ ಪೂರ್ತಿ ಒಣಗಿಸುವುದು ಮೊದಲ ಕೆಲಸ. ಒದ್ದೆ ಮರಿಯನ್ನು ಕಂಬಳಿಯಲ್ಲಿ ಸುತ್ತಿದರೆ ಪ್ರಯೋಜನವಿಲ್ಲ. ಕಂಬಳಿ ಇರುವ ಶಾಖವನ್ನು ಉಳಿಸಬಲ್ಲದು, ಇಲ್ಲದ ಶಾಖವನ್ನು ತರಲಾರದು. ರಟ್ಟಿನ ಪೆಟ್ಟಿಗೆಯೊಂದರಲ್ಲಿ ಒಣಹುಲ್ಲು ಹಾಸಿ, ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಮರಿಯ ಎರಡೂ ಬದಿಗೆ ಇಟ್ಟು, ಮೇಲೆ ಕಂಬಳಿ ಹೊದಿಸಬೇಕು. ಒಲೆಯ ಹೊಗೆಯೊಳಗೆ ಇಡಬಾರದು. ಪ್ರತಿ ಅರ್ಧ ತಾಸಿಗೆ ಶಾಖ ನೋಡುತ್ತಾ, 99 ದಾಟಿದ ಮೇಲೆ ತಾಯಿಯಿಂದ ಹಿಂಡಿದ ಗಿಣ್ಣದ ಹಾಲು ಕೊಡಬೇಕು. 1.9 ಕಿಲೋಗೆ ಮೊದಲ ಸಲ 95 ಮಿಲಿಲೀಟರ್, ಹೆಚ್ಚುಕಡಿಮೆ ಒಂದು ಚಹಾ ಕಪ್ಪು. ದಿನದ ಒಟ್ಟು 380. ಉಳಿದ 285ನ್ನು ನಾಲ್ಕು ಸಲವಾಗಿ 70ರಂತೆ ಹಂಚಿದರೆ ಲೆಕ್ಕ ಕೂಡುತ್ತದೆ.

ಮರಿ ಬೆರಳನ್ನು ಚೀಪುತ್ತಿದ್ದರೆ ಬಾಟಲಿಯಿಂದ ಕುಡಿಸಬಹುದು. ಚೀಪದಿದ್ದರೆ ಚಮಚದಿಂದ ಬಾಯಿಗೆ ಸುರಿಯುವುದು ಅಪಾಯಕರ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಇಂತಹ ಮರಿಗೆ ಸುಮಾರು 40 ಸೆಂಟಿಮೀಟರ್ ಉದ್ದದ, ನಾಲ್ಕೈದು ಮಿಲಿಮೀಟರ್ ದಪ್ಪದ ಮೃದುವಾದ ನಳಿಕೆ ಬೇಕು. ನಳಿಕೆಯನ್ನು ಮರಿಯ ಮೂತಿಯಿಂದ ಕೊನೆಯ ಪಕ್ಕೆಲುಬಿನವರೆಗೆ ಹಿಡಿದು ಅಳೆದು ಗುರುತು ಮಾಡಿಕೊಂಡು, ಬಾಯಿಯ ಬದಿಯಿಂದ ನಿಧಾನವಾಗಿ, ಮರಿ ನುಂಗಿದಂತೆಲ್ಲ ಒಳಬಿಡಬೇಕು. ಗುರುತಿನವರೆಗೆ ತಡೆಯಿಲ್ಲದೆ ಹೋದರೆ ಅದು ಹೊಟ್ಟೆಯಲ್ಲಿದೆ. ಅರ್ಧಕ್ಕೇ ತಡೆದು ಮರಿ ಕೆಮ್ಮಿದರೆ ಉಸಿರುನಾಳಕ್ಕೆ ಹೋಗಿದೆ, ಹೊರತೆಗೆದು ಮತ್ತೆ ಪ್ರಯತ್ನಿಸಬೇಕು. ಹಾಲನ್ನು ಸಿರಿಂಜಿನಿಂದ ಒತ್ತದೆ ತಾನಾಗಿಯೇ ಇಳಿಯಲು ಬಿಡಬೇಕು. ಹೊರತೆಗೆಯುವಾಗ ನಳಿಕೆಯನ್ನು ಚಿವುಟಿ ಹಿಡಿಯಬೇಕು. ಓದಿ ಕಲಿಯುವ ಕೆಲಸ ಇದಲ್ಲ. ಪಶುವೈದ್ಯರು ಒಮ್ಮೆ ಕೈಹಿಡಿದು ತೋರಿಸಿದರೆ ಕುರಿಗಾರರು ಬೇಗ ಕಲಿಯುತ್ತಾರೆ. ತಲೆ ಎತ್ತಲಾರದ, ಪ್ರಜ್ಞೆಯಿಲ್ಲದ ಮರಿಗೆ ಮಾತ್ರ ನಳಿಕೆಯನ್ನೂ ಹಾಕಬಾರದು.

ಅದೇ ಮರಿ ಆರು ಗಂಟೆಗೆ ಕಾಣದೆ, ಹಿಂಡು ಹೊರಡುವ ಒಂಬತ್ತು ಗಂಟೆಗೆ ಸಿಕ್ಕಿತೆಂದುಕೊಳ್ಳಿ. ಏಳು ತಾಸಾಗಿದೆ, ಮರಿ ತಲೆ ಎತ್ತುತ್ತಿಲ್ಲ. ಈಗ ಮೊದಲೇ ಬಿಸಿ ಮಾಡುವುದು ತಪ್ಪಾಗುತ್ತದೆ. ಮೈ ಬೆಚ್ಚಗಾದಂತೆ ಮಿದುಳು ಸಕ್ಕರೆಯನ್ನು ಬೇಡುತ್ತದೆ, ರಕ್ತದಲ್ಲಿ ಸಕ್ಕರೆ ಇಲ್ಲ. ಮರಿ ಸೆಟೆದು ಸಾಯುತ್ತದೆ. ಬಿಸಿ ಮಾಡಿದ್ದಕ್ಕೇ ಸತ್ತಿತು ಎಂದು ಕುರಿಗಾರರು ಹೇಳುವುದರಲ್ಲಿ ಇಷ್ಟರ ಮಟ್ಟಿಗೆ ಸತ್ಯವಿದೆ. ಇಂತಹ ಮರಿಗೆ ಪಶುವೈದ್ಯರು ಮೊದಲು 20 ಪ್ರತಿಶತ ಗ್ಲೂಕೋಸ್ ದ್ರಾವಣವನ್ನು ಬೆಚ್ಚಗೆ ಮಾಡಿ, ಪ್ರತಿ ಕಿಲೋಗೆ 10 ಮಿಲಿಲೀಟರಿನಂತೆ ಹೊಟ್ಟೆಯ ಪೊರೆಯೊಳಗೆ ಚುಚ್ಚುತ್ತಾರೆ. ನಮ್ಮ ಮರಿಗೆ ಇದು 19 ಮಿಲಿಲೀಟರ್. ಬಿಸಿ ಮಾಡುವುದು ಅದರ ನಂತರ, ಹಾಲು ಕೊನೆಗೆ. ವೈದ್ಯರು ಬರುವ ತನಕ ಮರಿಯನ್ನು ಒಣಗಿಸಿ ಗಾಳಿಯಿಂದ ಮರೆಮಾಡಿ ಇಟ್ಟುಕೊಳ್ಳುವುದಷ್ಟೇ ನಮ್ಮ ಕೆಲಸ.

ತಬ್ಬಲಿ ಮರಿ

ತಾಯಿ ಸತ್ತ ಅಥವಾ ತಾಯಿ ಒಲ್ಲದ ಮರಿಗೆ ಇನ್ನೊಂದು ತಾಯಿಯನ್ನು ಹೊಂದಿಸುವುದು ಬಾಟಲಿಗಿಂತ ಮೇಲು. ಒಂದೇ ಮರಿ ಹಾಕುತ್ತಿರುವ, ಹಾಲು ಚೆನ್ನಾಗಿರುವ ಕುರಿ ಈಯುವ ವೇಳೆಯಲ್ಲಿ ತಬ್ಬಲಿ ಮರಿಯನ್ನು ಆ ಕುರಿಯ ಗರ್ಭದ ನೀರಿನಲ್ಲಿ ತೊಯ್ಸಿ, ಅದರದೇ ಮರಿಯ ಜೊತೆಗೆ ಮೂಗಿನ ಮುಂದಿಟ್ಟರೆ ಎರಡನ್ನೂ ನೆಕ್ಕಿ ಸೇರಿಸಿಕೊಳ್ಳುತ್ತದೆ. ಮರಿ ಸತ್ತ ಕುರಿಯಾದರೆ, ಸತ್ತ ಮರಿಯ ಚರ್ಮವನ್ನು ಸುಲಿದು ತಬ್ಬಲಿಯ ಮೈಗೆ ಅಂಗಿಯಂತೆ ತೊಡಿಸುವ ಹಳೆಯ ಕ್ರಮ ಇಂದಿಗೂ ಫಲಕಾರಿ. ಮರಿ ರೋಗದಿಂದ ಸತ್ತಿದ್ದರೆ ಮಾತ್ರ ಅದನ್ನು ಮಾಡಬಾರದು. ಎರಡು ಮೂರು ದಿನಗಳಲ್ಲಿ ಸಾಕುತಾಯಿಯ ಹಾಲು ಮರಿಯ ದೇಹದಲ್ಲಿ ಸಂಚರಿಸಿ ಅದರ ಬಾಲದ ಬುಡದ ವಾಸನೆ ಬದಲಾಗುತ್ತದೆ; ಆಗ ಚರ್ಮವನ್ನು ತೆಗೆಯಬಹುದು. ಅಲ್ಲಿಯವರೆಗೆ ಕುರಿ ಗುದ್ದದಂತೆ ಚಿಕ್ಕ ಮೂಲೆಯಲ್ಲಿ ಕಟ್ಟಿ, ದಿನಕ್ಕೆ ನಾಲ್ಕೈದು ಬಾರಿ ಎದುರು ನಿಂತು ಕುಡಿಸಬೇಕು.

ಸಾಕುತಾಯಿ ಸಿಗದಿದ್ದರೆ ಬಾಟಲಿ. ಕುರಿಹಾಲು ಆಕಳ ಹಾಲಿಗಿಂತ ಗಟ್ಟಿ, ಜಿಡ್ಡೂ ಹೆಚ್ಚು. ಆದ್ದರಿಂದ ಆಕಳ ಹಾಲಿಗೆ ನೀರು ಬೆರೆಸಿ ಕೊಡುವುದು ಮರಿಯನ್ನು ಉಪವಾಸ ಕೆಡವಿದಂತೆ. ಎಮ್ಮೆಯ ಹಾಲು ಕುರಿಹಾಲಿಗೆ ಹತ್ತಿರವಾದದ್ದು, ಮೇಕೆಯ ಹಾಲೂ ನಡೆಯುತ್ತದೆ. ದಿನದ ಪ್ರಮಾಣ ಮರಿಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು. ಎರಡೂವರೆ ಕಿಲೋ ಮರಿಗೆ ಮೊದಲ ವಾರ 400ರಿಂದ 500 ಮಿಲಿಲೀಟರನ್ನು ಐದು ಸಲಕ್ಕೆ ಹಂಚಬೇಕು; ಎರಡನೆಯ ವಾರದಿಂದ ನಾಲ್ಕು ಸಲ, ತಿಂಗಳು ತುಂಬಿದ ಮೇಲೆ ಮೂರು ಸಲ ಸಾಕು. ಹಾಲು ಮೈಯಷ್ಟು ಬೆಚ್ಚಗಿರಬೇಕು. ಮರಿ ನಿಂತುಕೊಂಡೇ ಕುಡಿಯಬೇಕು. ಕೂಸಿನಂತೆ ಅಂಗಾತ ಮಲಗಿಸಿಕೊಂಡು ಕುಡಿಸಬಾರದು. ಮನೆಯ ಮಕ್ಕಳಿಗೆ ತಬ್ಬಲಿ ಮರಿಯ ಮೇಲೆ ಬಹಳ ಪ್ರೀತಿ. ಅರಚಿದಾಗಲೆಲ್ಲ ಬಾಟಲಿ ಹಿಡಿಯುತ್ತಾರೆ. ಹೊಟ್ಟೆ ಉಬ್ಬರ, ಭೇದಿ ಶುರುವಾಗುವುದು ಅಲ್ಲಿಂದಲೇ. ಬಾಟಲಿ ಮತ್ತು ನಿಪ್ಪಲನ್ನು ಪ್ರತಿ ಸಲವೂ ಬಿಸಿನೀರಿನಲ್ಲಿ ತೊಳೆಯುವುದು ಕಡ್ಡಾಯ. ಹದಿನೈದು ದಿನಗಳ ಬಳಿಕ ಎಳೆಯ ಸೊಪ್ಪು, ಸ್ವಲ್ಪ ಶೇಂಗಾ ಹಿಂಡಿ, ಕುಡಿಯುವ ನೀರನ್ನು ಮುಂದಿಟ್ಟರೆ ಮರಿ ತಾನಾಗಿಯೇ ಮೆಲ್ಲಲು ಕಲಿಯುತ್ತದೆ.

ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯು ಅಭಿವೃದ್ಧಿಪಡಿಸಿದ ನಾರಿ ಸುವರ್ಣ ತಳಿ ದಖನಿ ಕುರಿಯಂತೆಯೇ ಕಂಡರೂ ಅವಳಿ ಹಾಕುವುದು ಹೆಚ್ಚು. ಈ ತಳಿಯನ್ನು ಕೊಳ್ಳುವವರು ಅವಳಿಗಳಲ್ಲಿ ಒಂದು ಚಿಕ್ಕದಾಗಿ, ಹಾಲಿಗೆ ಹಿಂದೆ ಬೀಳುವುದನ್ನು ನಿರೀಕ್ಷಿಸಿ, ಮೇಲೆ ಹೇಳಿದ ಸಿದ್ಧತೆಯೊಡನೆಯೇ ಕೊಳ್ಳಬೇಕು.

ಪಂಚಾಯತ್ ಮಟ್ಟದಲ್ಲಿ

ರಾತ್ರಿ ಈದ ಕುರಿಯನ್ನು ಬೆಳಗಾಗುತ್ತಲೇ ಹಿಂಡಿನೊಡನೆ ಮೇಯಲು ಹೊಡೆದುಕೊಂಡು ಹೋಗುವುದು, ಮರಿ ಸಂಜೆಯವರೆಗೆ ದಡ್ಡಿಯಲ್ಲಿ ಹಸಿದಿರುವುದು ನಮ್ಮಲ್ಲಿ ಸಾಮಾನ್ಯ. ಕುರಿಗಾರರಿಗೆ ಇದರ ಅಪಾಯ ಗೊತ್ತಿಲ್ಲವೆಂದಲ್ಲ. ತಾಯಿಯನ್ನು ಎರಡು ಮೂರು ದಿನ ಉಳಿಸಿಕೊಳ್ಳಲು ಬೇಕಾದ ಮೇವು, ನೀರು ಅವರ ಕೈಯಲ್ಲಿ ಇರುವುದಿಲ್ಲ. ಒಂದು ಕುರಿಗೆ ಮೂರು ದಿನಕ್ಕೆ ಬೇಕಾಗುವುದು ಐದಾರು ಕಿಲೋ ತೊಗರಿ ಹೊಟ್ಟು ಮತ್ತು ಒಂದಿಷ್ಟು ಹಸಿ ಮೇವು. ಗೊಬ್ಬರಕ್ಕಾಗಿ ಕುರಿ ತರುಬಿಸಿಕೊಳ್ಳುವ ಹೊಲದೊಡೆಯರು ಕೊಡುವ ಕಾಳುಕಡಿಯ ಜೊತೆ ಈದ ಕುರಿಗಳಿಗೆ ಹೊಟ್ಟು ಮತ್ತು ಕೊಟ್ಟಿಗೆಯ ಒಂದು ಮೂಲೆಯನ್ನೂ ಕೊಡುವಂತೆ ಸದಸ್ಯರು ಊರಿನಲ್ಲಿ ಮಾತಾಡಿ ಒಪ್ಪಿಸಬಹುದು. ಬೇರೆ ಊರಿನಿಂದ ಬಂದ ಹಿಂಡು ತಮ್ಮ ವ್ಯಾಪ್ತಿಯಲ್ಲಿ ತಂಗಿದ್ದರೆ ಅದು ಇರುವ ಹೊಲವನ್ನು ಪಶು ಆಸ್ಪತ್ರೆಗೆ ಮತ್ತು ಪಶುಸಖಿಗೆ ತಿಳಿಸುವುದೂ ಅಷ್ಟೇ ಅಗತ್ಯ. ಅವರು ತಮ್ಮ ಮತದಾರರಲ್ಲ ಎಂಬ ಕಾರಣಕ್ಕೆ ಅವರ ಹಿಂಡಿನ ಲೆಕ್ಕ ಬಿಟ್ಟುಹೋಗಬಾರದು.

ನವೆಂಬರ್ ಆರಂಭಕ್ಕೆ ಮುನ್ನ ಪ್ರತಿ ಪಶುಸಖಿಯ ಬಳಿ ಒಂದು ಥರ್ಮಾಮೀಟರ್, ಟಿಂಕ್ಚರ್ ಅಯೋಡಿನ್, ಹಾಲಿನ ನಳಿಕೆ ಮತ್ತು ಕೈಗವಸು ಇರುವುದನ್ನು ಖಚಿತಪಡಿಸಿಕೊಂಡು, ನಳಿಕೆ ಹಾಕುವ ಕ್ರಮವನ್ನು ಕುರಿಗಾರರ ಹಟ್ಟಿಯಲ್ಲಿಯೇ ಒಂದು ದಿನ ತೋರಿಸಿಕೊಡುವಂತೆ ಪಶುವೈದ್ಯಾಧಿಕಾರಿಗಳನ್ನು ಕೋರಬಹುದು. ತುರ್ತು ಸಂದರ್ಭದಲ್ಲಿ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಬೇಕು. ಕರೆ ಮಾಡುವವರು ಊರು ಮತ್ತು ಹೊಲದ ಗುರುತು, ನೀರಿನ ಚೀಲ ಒಡೆದು ಎಷ್ಟು ಹೊತ್ತಾಯಿತು, ಏನು ಹೊರಗೆ ಕಾಣುತ್ತಿದೆ ಎಂಬುದನ್ನು ಹೇಳಬೇಕು. ಮರಿಯ ವಿಷಯವಾದರೆ ಹುಟ್ಟಿ ಎಷ್ಟು ತಾಸಾಯಿತು, ಮೈಶಾಖ ಎಷ್ಟಿದೆ, ತಲೆ ಎತ್ತುತ್ತಿದೆಯೇ ಇಲ್ಲವೇ, ಈ ಮೂರನ್ನು ಮೊದಲು ತಿಳಿಸಬೇಕು.